ಫೋನಕ್ಕನಿಗೆ ಸ್ವಾಗತ, ಪಿನ್ನಿಗೆ ಬೀಗ

“ಅಕ್ಕತಂಗೇರಿಗೆಲ್ಲಾ ನಮಸ್ಕಾರ. ಈ ಹುಡುಗಿ ನಮ್ಮೂರ ಸೊಸೆ, ಬಿ.ಕಾಂ ಓದವಳೆ. ಇವತ್ತಿಂದ ಸಂಘದೋರ ಫೋನ್ ಕೆಲಸ ನೋಡ್ಕತಾಳೆ. ದುಡ್ಡು ಬಂದೈತಾ ಅಂತ ನೋಡಿ ಹೇಳ್ತಾಳೆ, ಮೆಸೇಜು ಓದ್ತಾಳೆ, ನೀವೇ ಮಾಡ್ಕಳದು ಕಲಿಸ್ತಾಳೆ. ಕುರ್ಚಿ ಕೊಡಿ, ಕಾಫಿ ಕೊಡಿ, ಪಿನ್ನು ಮಾತ್ರ ಕೊಡಬ್ಯಾಡಿ. ಅವಳು ಕೇಳಂಗಿಲ್ಲ, ನೀವು ಹೇಳಂಗಿಲ್ಲ. ಫೋನಲ್ಲಿ ಏನು ಒತ್ತತಾಳೋ ಅದನ್ನ ಬಾಯಿಬಿಟ್ಟು ಹೇಳಿ ಒತ್ತಬೇಕು. ಹೇಳದೆ ಒತ್ತಿದ್ರೆ ಫೋನು ವಾಪಸ್ ಇಸ್ಕಳಿ. ತಾಯಿ, ನಿನ್ ಮ್ಯಾಲೆ ಅನುಮಾನ ಅಲ್ಲ, ನಾಳೆ ನಿನ್ ಮ್ಯಾಲೆ ಮಾತು ಬರಬಾರ್ದು ಅಂತ.”

ತುಮಕೂರು ಜಿಲ್ಲೆಯ ಒಂದು ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಪ್ರತಿನಿಧಿ ಆಡಿದ ಸ್ವಾಗತದ ಮಾತು ಇಷ್ಟೇ. ಹಾರ ಇರಲಿಲ್ಲ, ಶಾಲು ಇರಲಿಲ್ಲ. ಹೊಸಬಳನ್ನು ಎದುರಿಗೆ ಕೂರಿಸಿಕೊಂಡೇ ಷರತ್ತು ಹಾಕುವ ಈ ಬಿರುಸು ಹೊರಗಿನವರಿಗೆ ಒರಟಾಗಿ ಕೇಳಬಹುದು. ಆದರೆ ಸಂಘಗಳ ಚರಿತ್ರೆ ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಫೋನು ಬರುವ ಎಷ್ಟೋ ವರ್ಷ ಮೊದಲು ಇದೇ ಮಾತನ್ನು ಇನ್ನೊಬ್ಬರಿಗೆ ಹೇಳಲಾಗುತ್ತಿತ್ತು. ಆತ ಪುಸ್ತಕ ಬರೆಯುವವನು.

1980ರ ದಶಕದ ಮಧ್ಯದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆಯಿದ್ದವರು ಸಣ್ಣ ಸಣ್ಣ ಗುಂಪು ಕಟ್ಟಿಕೊಂಡರು. ಇವತ್ತಿನ ಸ್ವಸಹಾಯ ಸಂಘದ ಬೇರು ಅಲ್ಲಿದೆ. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000–01ರಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಹತ್ತರಿಂದ ಇಪ್ಪತ್ತು ಹೆಂಗಸರು, ವಾರದ ಉಳಿತಾಯ, ಒಳಗೊಳಗೇ ಸಾಲ, ಮರುಪಾವತಿ, ಎಲ್ಲಕ್ಕೂ ಲೆಕ್ಕ. ತೊಡಕು ಇದ್ದದ್ದು ಈ ಕೊನೆಯದರಲ್ಲಿ. ದುಡ್ಡು ಕಟ್ಟುವವರು ಹೆಬ್ಬೆಟ್ಟಿನವರು, ಲೆಕ್ಕ ಬರೆಯುವುದಕ್ಕೆ ಅಕ್ಷರ ಬೇಕು. ಹಾಗಾಗಿ ಎಷ್ಟೋ ಸಂಘಗಳು ಊರಿನ ಓದಿದ ಹುಡುಗನನ್ನೋ ಹುಡುಗಿಯನ್ನೋ ಕರೆತಂದು ಪುಸ್ತಕ ಒಪ್ಪಿಸಿದವು.

ಒಪ್ಪಿಸಿದರೂ ಸುಮ್ಮನೆ ಬಿಡಲಿಲ್ಲ. ಬರೆದದ್ದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು ಎಂಬ ಕಟ್ಟಳೆ ಹುಟ್ಟಿತು. ಇಂಥವಳು ಕಟ್ಟಿದ್ದು ಇಷ್ಟು, ಇಂಥವಳ ಸಾಲ ಬಾಕಿ ಇಷ್ಟು, ಪೆಟ್ಟಿಗೆಯಲ್ಲಿ ಉಳಿದದ್ದು ಇಷ್ಟು. ಓದು ಬಾರದಿದ್ದರೂ ತಾನು ಕಟ್ಟಿದ ದುಡ್ಡು ಯಾವ ಹೆಂಗಸಿಗೂ ಮರೆಯುವುದಿಲ್ಲ. ತಪ್ಪು ಓದಿದರೆ ಮೂಲೆಯಿಂದ ದನಿ ಏಳುತ್ತಿತ್ತು. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ. ಬ್ಯಾಂಕಿನ ಖಾತೆಗೂ ಒಬ್ಬರ ಸಹಿ ಸಾಲದು. ಪ್ರತಿನಿಧಿಯ ಮಾತಿನಲ್ಲಿರುವ ‘ಬಾಯಿಬಿಟ್ಟು ಹೇಳಿ ಒತ್ತಬೇಕು’ ಎಂಬ ಷರತ್ತು ಈ ಗಟ್ಟಿ ಓದಿನಿಂದ ನೇರವಾಗಿ ಇಳಿದುಬಂದದ್ದು.

ಆಮೇಲೆ ಪುಸ್ತಕವೇ ಫೋನಿನೊಳಗೆ ಸೇರಿತು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ‘ಲೋಕ್ ಓಎಸ್’ ಆ್ಯಪ್‌ನಲ್ಲಿ ಈಗ ಸಂಘದ ಉಳಿತಾಯ, ಸಾಲಗಳ ವಿವರ ಏರುತ್ತದೆ. ಕರ್ನಾಟಕದಲ್ಲಿ ಆ ಅಭಿಯಾನ ‘ಸಂಜೀವಿನಿ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಗಿ ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯರ ಖಾತೆಗೆ ಬೀಳತೊಡಗಿದ ಮೇಲಂತೂ ‘ಬಂದೈತಾ ನೋಡು’ ಎಂಬ ಕೋರಿಕೆ ಮನೆಮನೆಯದಾಯಿತು. ಮೊದಲು ನೋಡಿಕೊಡುತ್ತಿದ್ದವನು ಮಗ, ಇಲ್ಲವೇ ಪಕ್ಕದ ಮನೆಯ ಹುಡುಗ. ಅಮ್ಮನ ಖಾತೆಯಲ್ಲಿ ಎಷ್ಟಿದೆ ಎಂಬುದು ಮಗನಿಗೆ ಗೊತ್ತಾಗುವುದೇ ಕೆಲವು ಮನೆಗಳಲ್ಲಿ ಜಗಳಕ್ಕೆ ಮೂಲ. ಅದಕ್ಕೇ ಸಂಘದೊಳಗೇ ಒಬ್ಬಳು ಬೇಕಾದಳು. ಫೋನಕ್ಕ ಎಂಬುದು ಸರ್ಕಾರದ ಹುದ್ದೆಯಲ್ಲ, ಹೆಂಗಸರು ಇಟ್ಟುಕೊಂಡ ಹೆಸರು.

ಹಳೆಯ ಕಟ್ಟಳೆಗಳೆಲ್ಲ ಫೋನಿಗೆ ಹಾಗೇ ಹೊಂದುವುದಿಲ್ಲ. ಪೆಟ್ಟಿಗೆಗೆ ಎರಡು ಮನೆ ಬೇಕಿತ್ತು, ಫೋನಿಗೆ ಒಂದು ಬೆರಳು ಸಾಕು. ಸಂಘದ ಖಾತೆಯ ಮಟ್ಟಿಗೆ ಇದಕ್ಕೊಂದು ದಾರಿ ಮಾಡಿದ್ದಾರೆ. ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬಿ.ಸಿ. ಸಖಿಯರ ಯಂತ್ರದಲ್ಲಿ ಸಂಘದ ಹಣ ತೆಗೆಯಲು ಸಹಿದಾರರಲ್ಲಿ ಇಬ್ಬರು ಬೆರಳಿಡಬೇಕು. ಎರಡು ಸಹಿಯ ಜಾಗದಲ್ಲಿ ಎರಡು ಬೆರಳು. ಆದರೆ ಸದಸ್ಯೆಯ ಸ್ವಂತ ಖಾತೆಗೆ ಈ ಕಾವಲಿಲ್ಲ. ಅಲ್ಲಿ ಅವಳೊಬ್ಬಳದೇ ಹೆಬ್ಬೆಟ್ಟು, ಅವಳೊಬ್ಬಳದೇ ಪಿನ್ನು.

ಮೋಸ ನಡೆಯುವುದೂ ಅಲ್ಲೇ. ಒಂದು ಉದಾಹರಣೆ ನೋಡಿ. ಖಾತೆಯಲ್ಲಿ 4,300 ರೂಪಾಯಿ ಇದೆ. ಹೆಂಗಸು 2,000 ತೆಗೆಯಲು ಹಣ ಕೊಡುವವನ ಹತ್ತಿರ ಹೋಗಿ ಬೆರಳಿಡುತ್ತಾಳೆ. “ಸರ್ವರ್ ಇಲ್ಲಮ್ಮ, ಇನ್ನೊಂದ್ಸಲ ಇಡು” ಎನ್ನುತ್ತಾನೆ. ಎರಡನೇ ಸಲ ದುಡ್ಡು ಕೈಗೆ ಬರುತ್ತದೆ, ಅವಳು ಮನೆಗೆ ಹೋಗುತ್ತಾಳೆ. ಮೊದಲ ಬೆರಳಿಗೂ 2,000 ಹೋಗಿದ್ದರೆ ಖಾತೆಯಲ್ಲಿ ಉಳಿದದ್ದು 300 ಮಾತ್ರ. ಅದು ಗೊತ್ತಾಗುವುದು ಮುಂದಿನ ತಿಂಗಳು, ‘ಕಂತು ಬಂದಿಲ್ಲ’ ಎಂದು ಪೇಚಾಡುವಾಗ. ಸರ್ವರ್ ನಿಜವಾಗಿಯೂ ಕೈಕೊಡುತ್ತದೆ, ಆದ್ದರಿಂದ ಎಲ್ಲರನ್ನೂ ಕಳ್ಳರೆನ್ನುವಂತಿಲ್ಲ. ಪತ್ತೆ ಮಾಡುವುದು ಸುಲಭ. ಎರಡನೇ ಸಲ ಬೆರಳಿಡುವ ಮೊದಲು ಮೊದಲನೆಯದರ ಚೀಟಿ ಕೇಳಬೇಕು, ಇಲ್ಲವೇ ಉಳಿಕೆ ಎಷ್ಟಿದೆ ಎಂದು ಬ್ಯಾಂಕಿನ ಮೆಸೇಜಿನಲ್ಲಿ ನೋಡಬೇಕು. 4,300 ಇದ್ದರೆ ಇನ್ನೊಮ್ಮೆ ಬೆರಳಿಡಬಹುದು. 2,300 ಎಂದಿದ್ದರೆ ಬೆರಳು ಹಿಂದಕ್ಕೆ. ಫೋನಕ್ಕನಿಗೆ ಅಲ್ಲಿ ಇರುವ ಕೆಲಸ ಚೀಟಿ ಓದುವುದು, ಮೆಸೇಜು ಓದುವುದು ಮಾತ್ರ. ಓದುವುದಕ್ಕೆ ಪಿನ್ನೂ ಬೇಡ, ಓಟಿಪಿಯೂ ಬೇಡ.

ಇನ್ನೊಂದು ಮೋಸ ಫೋನಿನ ಮೂಲಕವೇ ಬರುತ್ತದೆ. ‘ನಿಮಗೆ ದುಡ್ಡು ಬಂದಿದೆ, ಪಡೆಯಲು ಪಿನ್ ಹಾಕಿ’ ಎನ್ನುತ್ತಾರೆ. ಯುಪಿಐಯಲ್ಲಿ ಪಿನ್ ಹಾಕುವುದು ದುಡ್ಡು ಕಳಿಸಲು, ಉಳಿಕೆ ನೋಡಲು. ದುಡ್ಡು ಪಡೆಯಲು ಎಂದೂ ಬೇಕಿಲ್ಲ. ಪ್ರತಿನಿಧಿ ಇದನ್ನು ಸಭೆಯಲ್ಲಿ ಹೇಳಿದ್ದು ಹೀಗೆ: “ಬರೋ ದುಡ್ಡು ಬಾಗಿಲು ತಟ್ಟಕಿಲ್ಲ, ಅದೇ ಒಳಗೆ ಬತ್ತದೆ.” ಇದಕ್ಕಿಂತ ಚೆನ್ನಾಗಿ ಬ್ಯಾಂಕಿನ ಯಾವ ಕರಪತ್ರವೂ ಹೇಳಿದ್ದನ್ನು ನಾನು ಓದಿಲ್ಲ.

ಫೋನಕ್ಕ ಒಳ್ಳೆಯವಳೇ ಆಗಿದ್ದರೂ ಅವಳಿಗೆ ಪಿನ್ ಹೇಳಬಾರದು ಎಂಬುದಕ್ಕೆ ಕಾನೂನಿನ ಕಾರಣವೂ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ, ಹೊರಗಿನವರಿಂದ ಹಣ ಹೋಗಿದ್ದು, ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ಗ್ರಾಹಕರ ತಲೆಗೆ ಬರುವುದಿಲ್ಲ. ಗುಟ್ಟಿನ ಸಂಖ್ಯೆಯನ್ನು ತಾನೇ ಇನ್ನೊಬ್ಬರಿಗೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದ ಹಣವೆಲ್ಲ ಗ್ರಾಹಕರದೇ ನಷ್ಟ. ‘ನಮ್ಮ ಹುಡುಗಿ, ನಂಬಿ ಹೇಳಿದೆ’ ಎಂಬ ಮಾತು ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಅತ್ತ ಆ ಹುಡುಗಿಯ ಮೇಲೂ ಊರೆಲ್ಲ ಕಣ್ಣಿಡುತ್ತದೆ. ‘ನಿನ್ ಮ್ಯಾಲೆ ಮಾತು ಬರಬಾರ್ದು’ ಎಂದದ್ದು ಬರೀ ಸಮಾಧಾನದ ಮಾತಲ್ಲ.

ಆ ಸಂಘದಲ್ಲಿ ಒಂದು ಕೊರತೆ ಕಂಡಿತು. ಷರತ್ತುಗಳೆಲ್ಲ ಬಾಯಿಮಾತಿನಲ್ಲೇ ಇದ್ದವು. ಪ್ರತಿನಿಧಿ ಬದಲಾದರೆ ಮಾತೂ ಹೋಗುತ್ತದೆ. ಸಾಲ ಕೊಡಲು ಠರಾವು ಬರೆಯುವ ಸಂಘ ಫೋನಕ್ಕನನ್ನು ಒಪ್ಪುವಾಗಲೂ ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದುಕೊಳ್ಳಬೇಕು: ಅವಳು ಏನು ಮಾಡಬಹುದು, ಏನು ಕೇಳಬಾರದು, ವಾರಕ್ಕೆ ಎಷ್ಟು ಕೊಡಬೇಕು, ಎಷ್ಟು ದಿನಕ್ಕೆ ನೇಮಿಸಿದ್ದು. ಕೆಳಗೆ ಅವಳ ಸಹಿ, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು. ಅದೇ ಪುಸ್ತಕದ ಒಳರಟ್ಟಿನ ಮೇಲೆ ದೊಡ್ಡ ಅಂಕಿಯಲ್ಲಿ 1930 ಎಂದು ಬರೆದಿಡಿ. ಸೈಬರ್ ವಂಚನೆಯಾದಾಗ ಕರೆ ಮಾಡಬೇಕಾದ ಸಂಖ್ಯೆ ಅದು. ಹೋದ ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಬೇಗ ಕರೆ ಮಾಡಿದರೆ ಮಾತ್ರ, ಹಾಗಾಗಿ ಮುಂದಿನ ಸಭೆಯವರೆಗೆ ಕಾಯಬೇಡಿ.