ವಿದೇಶಿ ಆನ್‌ಲೈನ್ ಖರೀದಿಯ ರೂಪಾಯಿ ಲೆಕ್ಕ

ವಿದೇಶಿ ಆನ್‌ಲೈನ್ ಖರೀದಿಯ ರೂಪಾಯಿ ಲೆಕ್ಕ ಎಂದರೆ, ವಿದೇಶದ ಅಂಗಡಿಯಿಂದ ಕಾರ್ಡ್ ಮೂಲಕ ತರಿಸಿದ ವಸ್ತುವಿಗೆ ಭಾರತದ ಗ್ರಾಹಕನು ಒಟ್ಟು ಎಷ್ಟು ರೂಪಾಯಿ ತೆರಬೇಕೆಂದು ಕಂಡುಕೊಳ್ಳುವ ವಿಧಾನ. ಇಲ್ಲಿ ಒಂದೇ ಖರೀದಿಯು ಎರಡು ಬಾರಿ ರೂಪಾಯಿಗೆ ಪರಿವರ್ತನೆಯಾಗುತ್ತದೆ: ಮೊದಲು ಕಾರ್ಡಿನ ಬಿಲ್ಲಿಗಾಗಿ, ಅನಂತರ ಸುಂಕಕ್ಕಾಗಿ. ಎರಡರ ವಿನಿಮಯ ದರಗಳೂ ಬೇರೆಯಾಗಿರುತ್ತವೆ.

## ಕಾರ್ಡಿನ ಬಿಲ್ಲು

ವೀಸಾ, ಮಾಸ್ಟರ್‌ಕಾರ್ಡ್ ಮುಂತಾದ ಜಾಲಗಳು ತಮ್ಮ ದರದಲ್ಲಿ ಡಾಲರನ್ನು ರೂಪಾಯಿಗೆ ಪರಿವರ್ತಿಸುತ್ತವೆ. ಆ ಮೊತ್ತದ ಮೇಲೆ ಬ್ಯಾಂಕು ಪರಿವರ್ತನಾ ಶುಲ್ಕವನ್ನು ವಿಧಿಸುತ್ತದೆ. ಹಲವು ಕಾರ್ಡುಗಳಲ್ಲಿ ಇದು ಶೇ. 3.5ರಷ್ಟಿದೆ. ಈ ಶುಲ್ಕದ ಮೇಲೆ ಮಾತ್ರ ಶೇ. 18 ಜಿಎಸ್‌ಟಿ ಸೇರುತ್ತದೆ.

## ಸುಂಕ

ಸೀಮಾಸುಂಕ ಇಲಾಖೆಯು ಕಾರ್ಡಿನ ಬಿಲ್ಲನ್ನು ಪರಿಗಣಿಸುವುದಿಲ್ಲ. ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆಯ ವೆಚ್ಚವನ್ನು ಕೂಡಿಸಿ, ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿ ಪ್ರಕಟಿಸಿದ ದರದಲ್ಲಿ ಅದನ್ನು ರೂಪಾಯಿಗೆ ಪರಿವರ್ತಿಸುತ್ತದೆ. ಇದೇ ಸುಂಕದ ಆಧಾರ ಮೌಲ್ಯ. ಇದರ ಮೇಲೆ ಮೂಲ ಸುಂಕ, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, ಕೊನೆಗೆ ಈ ಮೂರರ ಮೊತ್ತದ ಮೇಲೆ ಐಜಿಎಸ್‌ಟಿ ಬೀಳುತ್ತವೆ.

## ಉದಾಹರಣೆ

80 ಡಾಲರಿನ ವಸ್ತು, ವಿಮೆಯೂ ಸೇರಿ 20 ಡಾಲರ್ ಸಾಗಣೆ, ಒಟ್ಟು 100 ಡಾಲರ್ ಎಂದಿಟ್ಟುಕೊಳ್ಳೋಣ. ಕಾರ್ಡ್ ಜಾಲದ ದರ ₹90, ಮಂಡಳಿಯ ದರ ₹91, ಮೂಲ ಸುಂಕ ಶೇ. 10, ಐಜಿಎಸ್‌ಟಿ ಶೇ. 18 ಎಂದು ಭಾವಿಸಲಾಗಿದೆ. ನಿಜವಾದ ಸುಂಕದ ದರಗಳು ವಸ್ತುವಿಗೆ ತಕ್ಕಂತೆ ಬೇರೆಯಾಗುತ್ತವೆ. ಕೇಂದ್ರ ಬಜೆಟ್‌ನಲ್ಲಿ ಬದಲಾಗುವುದೂ ಉಂಟು.

| ವಿವರ | ರೂಪಾಯಿ |
|---|---|
| 100 ಡಾಲರ್ × 90 | 9,000.00 |
| ಪರಿವರ್ತನಾ ಶುಲ್ಕ, ಶೇ. 3.5 | 315.00 |
| ಶುಲ್ಕದ ಮೇಲಿನ ಜಿಎಸ್‌ಟಿ | 56.70 |
| ಕಾರ್ಡಿನ ಬಿಲ್ಲು | 9,371.70 |
| ಮೂಲ ಸುಂಕ (9,100ರ ಶೇ. 10) | 910.00 |
| ಸರ್ಚಾರ್ಜ್ (910ರ ಶೇ. 10) | 91.00 |
| ಐಜಿಎಸ್‌ಟಿ (10,101ರ ಶೇ. 18) | 1,818.18 |
| ಒಟ್ಟು ಸುಂಕ | 2,819.18 |
| ಒಟ್ಟು ವೆಚ್ಚ | 12,190.88 |

80 ಡಾಲರನ್ನು ನೇರವಾಗಿ 90ರಿಂದ ಗುಣಿಸಿದವನಿಗೆ ₹7,200 ಮಾತ್ರ ಕಾಣುತ್ತದೆ. ಶೇಕಡಾವಾರುಗಳನ್ನು ಸುಮ್ಮನೆ ಕೂಡಿಸಿದರೆ ಸುಂಕ ಶೇ. 29 ಎನಿಸುತ್ತದೆ, ತೆರಿಗೆಯ ಮೇಲೆ ತೆರಿಗೆ ಬೀಳುವುದರಿಂದ ಅದು ವಾಸ್ತವದಲ್ಲಿ ಸುಮಾರು ಶೇ. 31 ಆಗುತ್ತದೆ. ಕೊರಿಯರ್ ಸಂಸ್ಥೆಯು ಸುಂಕವನ್ನು ಮುಂಗಡವಾಗಿ ಕಟ್ಟಿದ್ದಕ್ಕೆ ಸೇವಾ ಶುಲ್ಕ ಕೇಳಿದರೆ ಅದನ್ನೂ ಸೇರಿಸಬೇಕು.

## ಗಮನಿಸಬೇಕಾದ ಅಂಶಗಳು

ಕೆಲವು ಜಾಲತಾಣಗಳು ಬೆಲೆಯನ್ನು ರೂಪಾಯಿಯಲ್ಲೇ ಪಾವತಿಸುವ ಆಯ್ಕೆ ನೀಡುತ್ತವೆ. ಆಗ ಪರಿವರ್ತನೆ ಮಾರಾಟಗಾರನ ಕಡೆಯ ದರದಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಅದು ಕಾರ್ಡ್ ಜಾಲದ ದರಕ್ಕಿಂತ ದುಬಾರಿ. ಪಾವತಿಯ ಪುಟದಲ್ಲಿ ತೋರುವ ರೂಪಾಯಿ ಮೊತ್ತವನ್ನು ಡಾಲರ್ ಮೊತ್ತದಿಂದ ಭಾಗಿಸಿದರೆ ಈ ದರ ತಿಳಿಯುತ್ತದೆ.

ಇನ್ನು ಕೆಲವು ಮಾರಾಟಗಾರರು ಆಮದು ಸುಂಕವನ್ನು ಮೊದಲೇ ವಸೂಲು ಮಾಡುತ್ತಾರೆ. ಅಂಥ ಖರೀದಿಯಲ್ಲಿ ಸುಂಕದ ಮೊತ್ತವೂ ಕಾರ್ಡಿನ ಬಿಲ್ಲಿಗೆ ಸೇರುವುದರಿಂದ, ವಿದೇಶಿ ಹಣದಲ್ಲಿ ಪಾವತಿಸಿದಾಗ ಅದರ ಮೇಲೂ ಪರಿವರ್ತನಾ ಶುಲ್ಕ ಬೀಳುತ್ತದೆ. ಪೊಟ್ಟಣ ಬಂದಾಗ ಮತ್ತೆ ಸುಂಕ ಕೇಳಿದರೆ, ಇನ್‌ವಾಯ್ಸ್‌ನಲ್ಲಿ ಸುಂಕ ಈಗಾಗಲೇ ಸೇರಿದೆಯೇ ಎಂದು ನೋಡಬೇಕು.