ನಾಲ್ಕನೇ ಕಂಬಿ

ಮನೆ ಕಟ್ಟುವ ಜಾಗದಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಮಾತು ಒಂದಿದೆ. ಸೆಂಟ್ರಿಂಗ್ ಮುಗಿದು, ಕಂಬಿ ಕಟ್ಟುವವರು ತೊಲೆಯ ಅಚ್ಚಿನೊಳಗೆ ಗೂಡನ್ನು ಇಳಿಸುವ ಹೊತ್ತಿಗೆ ಮನೆಯ ಯಜಮಾನರು ಬಂದು ಬಗ್ಗಿ ನೋಡುತ್ತಾರೆ. ಕೆಳಗೆ ಮೂರೇ ಕಂಬಿ. "ಇನ್ನೊಂದು ಹಾಕಿಸಿಬಿಡಿ ಸಾರ್. ಖರ್ಚಾದರೆ ಆಗಲಿ, ಗಟ್ಟಿಯಾಗಿರಲಿ" ಎನ್ನುತ್ತಾರೆ. ಜೀವಮಾನದ ದುಡಿಮೆ ಹಾಕಿ ಮನೆ ಕಟ್ಟಿಸುವವರ ಆತಂಕ ಅದು, ಸಹಜ. ಆದರೆ ಆ ನಾಲ್ಕನೇ ಕಂಬಿ ತೊಲೆಗೆ ಏನು ಮಾಡುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಹಸಿ ಕೋಲೊಂದನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿ. ಹೊರಮೈಯ ನಾರು ಎಳೆದುಕೊಂಡು ಸೀಳುತ್ತದೆ, ಒಳಮೈಯ ತೊಗಟೆ ಸುಕ್ಕುಗಟ್ಟುತ್ತದೆ. ಎರಡು ಗೋಡೆಗಳ ಮೇಲೆ ಕೂತ ತೊಲೆಯಲ್ಲಿ ಆಗುವುದೂ ಇದೇ. ಮೇಲುಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೆ ಸುಲಭವಾಗಿ ಬಿರಿಯುತ್ತದೆ. ಅದಕ್ಕೇ ಕೆಳಗೆ ಕಂಬಿ. ಮೇಲೆ ಕಾಣುವ ಎರಡು ತೆಳು ಕಂಬಿಗಳು ರಿಂಗುಗಳನ್ನು ಹಿಡಿದು ನಿಲ್ಲಿಸುವುದಕ್ಕೆ ಮಾತ್ರ, ಅವನ್ನು ಬಲದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗೆ ಎಳೆತದ ಕಡೆಗಷ್ಟೇ ಕಂಬಿಯನ್ನು ನಂಬಿದ ತೊಲೆಗೆ ಸಿಂಗ್ಲಿ ರೀಇನ್‌ಫೋರ್ಸ್ಡ್ ಬೀಮ್ ಎನ್ನುತ್ತಾರೆ.

ನಮ್ಮ ತೊಲೆಯ ಅಗಲ 230 ಮಿ.ಮೀ., ಎತ್ತರ 450 ಮಿ.ಮೀ. ಕಾಂಕ್ರೀಟು ಎಂ20. ಕೆಳಗೆ 16 ಮಿ.ಮೀ. ದಪ್ಪದ, ಎಫ್‌ಇ 500 ದರ್ಜೆಯ ಮೂರು ಕಂಬಿ. ತೊಲೆಯ ಮೇಲ್ಮೈಯಿಂದ ಕಂಬಿಯ ನಡುವಿನವರೆಗೆ ಇರುವ ಆಳ ಸುಮಾರು 410 ಮಿ.ಮೀ. ಲೆಕ್ಕಕ್ಕೆ ಬೇಕಾದ ಎತ್ತರ ಇದೇ, ಪೂರ್ತಿ 450 ಅಲ್ಲ.

ಮೊದಲು ಕಂಬಿಯ ಬಲ ನೋಡೋಣ. ಮೂರು ಕಂಬಿಗಳ ಒಟ್ಟು ಕೊಯ್ತ 603 ಚದರ ಮಿ.ಮೀ. ಕಂಬಿ ಚದರ ಮಿ.ಮೀ.ಗೆ 500 ನ್ಯೂಟನ್ ತಾಳಬೇಕು. ಆದರೆ ಐಎಸ್ 456ರ 2000ದ ಆವೃತ್ತಿ ಅದನ್ನು 1.15ರಿಂದ ಭಾಗಿಸಿ, ಶೇ 87ರಷ್ಟನ್ನು ಮಾತ್ರ ನಂಬು ಎನ್ನುತ್ತದೆ. ಹಾಗಾಗಿ ಸಿಗುವ ಎಳೆತ 262 ಕಿಲೋನ್ಯೂಟನ್, ಅಂದರೆ 26 ಟನ್ನಿಗೂ ಮಿಕ್ಕಿದ ತೂಕದಷ್ಟು.

ಕೆಳಗಿನ ಎಳೆತಕ್ಕೆ ಸಮನಾದ ಒತ್ತಡ ಮೇಲೆ ಕಾಂಕ್ರೀಟಿನಲ್ಲಿ ಹುಟ್ಟಲೇಬೇಕು. ಈ ಒತ್ತಡ ಹರಡಿಕೊಳ್ಳುವ ರೀತಿಗೆ ಸ್ಟ್ರೆಸ್ ಬ್ಲಾಕ್ ಎಂದು ಹೆಸರು. ತೊಲೆಯ ಮೈಯಲ್ಲಿ ಒತ್ತೂ ಇಲ್ಲದ, ಎಳೆತವೂ ಇಲ್ಲದ ಒಂದು ಮಟ್ಟ ಇರುತ್ತದೆ. ಅಲ್ಲಿಂದ ಮೇಲಕ್ಕೆ ಹೋದಂತೆ ಒತ್ತಡ ಗುಡ್ಡದ ಇಳಿಜಾರಿನ ಹಾಗೆ ಬಾಗಿ ಏರುತ್ತದೆ. ಕಾಂಕ್ರೀಟು ಸಾವಿರಕ್ಕೆ ಎರಡು ಪಾಲು ಕುಗ್ಗಿದ ಜಾಗಕ್ಕೆ ಬಂದಾಗ ಏರಿಕೆ ನಿಲ್ಲುತ್ತದೆ. ಅಲ್ಲಿಂದ ಮೇಲ್ಮೈವರೆಗೆ ಒತ್ತಡ ಒಂದೇ ಸಮ. ಮೇಲ್ಮೈಯಲ್ಲಿ ಕುಗ್ಗುವಿಕೆ ಸಾವಿರಕ್ಕೆ ಮೂರೂವರೆ ಪಾಲು ಮುಟ್ಟಿದರೆ ಕಾಂಕ್ರೀಟು ಪುಡಿಯಾಗುತ್ತದೆ, ಅದೇ ಕೊನೆಯ ಗಳಿಗೆ.

ಈ ಆಕಾರದ ಒಟ್ಟು ಬಲವನ್ನು ಎಂಜಿನಿಯರುಗಳು ಎರಡು ಅಂಕಿಗಳಲ್ಲಿ ಇಟ್ಟುಕೊಂಡಿದ್ದಾರೆ. ಕಾಂಕ್ರೀಟಿನ ದರ್ಜೆ, ತೊಲೆಯ ಅಗಲ, ಒತ್ತಿಕೊಂಡ ಭಾಗದ ಆಳ, ಈ ಮೂರನ್ನು ಗುಣಿಸಿ 0.36ರಷ್ಟು ತೆಗೆದುಕೊಂಡರೆ ಬಲ ಸಿಕ್ಕಿತು. ಆ ಬಲ ಮೇಲ್ಮೈಯಿಂದ ಆ ಆಳದ 0.42 ಪಾಲು ಕೆಳಗೆ ನೆಲೆಸಿರುತ್ತದೆ. ನಮ್ಮ ತೊಲೆಯಲ್ಲಿ ಒತ್ತಿಕೊಂಡ ಭಾಗದ ಪ್ರತಿ ಮಿ.ಮೀ. ಆಳಕ್ಕೆ 1,656 ನ್ಯೂಟನ್ ಸಿಗುತ್ತದೆ. 262 ಕಿಲೋನ್ಯೂಟನ್ನನ್ನು ಸರಿತೂಗಿಸಲು 158 ಮಿ.ಮೀ. ಆಳ ಬೇಕು.

ಸ್ಟೀರಿಂಗನ್ನು ಎರಡೂ ಕೈಗಳಿಂದ ತಿರುಗಿಸುವಾಗ ಕೈಗಳ ನಡುವಿನ ಅಂತರ ಹೆಚ್ಚಿದಷ್ಟೂ ತಿರುವು ಸುಲಭ. ತೊಲೆಯ ಆ ಎರಡು ಕೈಗಳೇ ಮೇಲಿನ ಒತ್ತಡ ಮತ್ತು ಕೆಳಗಿನ ಎಳೆತ. ಅವುಗಳ ನಡುವಿನ ಅಂತರ 410ರಲ್ಲಿ 66.5 ಕಳೆದರೆ 343.5 ಮಿ.ಮೀ. ಬಲವನ್ನು ಅಂತರದಿಂದ ಗುಣಿಸಿದರೆ ಬಾಗುವಿಕೆಯನ್ನು ತಡೆಯುವ ಕೊನೆಯ ಶಕ್ತಿ ಬರುತ್ತದೆ:

Mu = 0.87 × fy × Ast × (d − 0.42 xu)

ನಮ್ಮ ತೊಲೆಗೆ ಇದು ಸುಮಾರು 90 ಕಿಲೋನ್ಯೂಟನ್ ಮೀಟರ್. ಎರಡು ಗೋಡೆಗಳ ನಡುವೆ ನಾಲ್ಕು ಮೀಟರ್ ಅಂತರವಿದ್ದರೆ, ಭಾರಕ್ಕೆ ಒಂದೂವರೆ ಪಟ್ಟು ಸುರಕ್ಷತೆ ಬಿಟ್ಟುಕೊಂಡು, ತನ್ನ ತೂಕವೂ ಸೇರಿ ಪ್ರತಿ ಮೀಟರಿಗೆ ಮೂರು ಟನ್ನಿನಷ್ಟನ್ನು ಈ ತೊಲೆ ಹೊರುತ್ತದೆ.

ಈಗ ನಾಲ್ಕನೇ ಕಂಬಿಗೆ ಬರೋಣ. ನಾಲ್ಕು ಕಂಬಿಯ ಎಳೆತ 350 ಕಿಲೋನ್ಯೂಟನ್. ಅದನ್ನು ಸರಿತೂಗಿಸಲು ಕಾಂಕ್ರೀಟು 211 ಮಿ.ಮೀ. ಆಳದವರೆಗೆ ಒತ್ತಿಕೊಳ್ಳಬೇಕು. ಎಫ್‌ಇ 500 ಕಂಬಿಗೆ ಈ ಆಳ 410ರ ಶೇ 46ನ್ನು, ಅಂದರೆ 188 ಮಿ.ಮೀ.ಯನ್ನು ದಾಟಬಾರದು. ಇದು ಸುಮ್ಮನೆ ಹಾಕಿದ ಗೆರೆಯಲ್ಲ. ಇದನ್ನು ದಾಟಿದರೆ ಕಂಬಿ ಚೆನ್ನಾಗಿ ಹಿಗ್ಗುವ ಮೊದಲೇ ಮೇಲಿನ ಕಾಂಕ್ರೀಟು ಪುಡಿಯಾಗುವ ಗಳಿಗೆ ಬಂದುಬಿಡುತ್ತದೆ.

ಮೂರು ಕಂಬಿಯ ತೊಲೆ ಸೋಲುವಾಗ ಮೊದಲು ಕಂಬಿ ಹಿಗ್ಗುತ್ತದೆ. ತೊಲೆಯ ನಡುವೆ ಕೆಳಗಿನಿಂದ ನೇರ ಬಿರುಕುಗಳು ಮೇಲೇಳುತ್ತವೆ, ಅಗಲವಾಗುತ್ತವೆ, ತೊಲೆ ಕಣ್ಣಿಗೆ ಕಾಣುವಷ್ಟು ಜೋತುಬೀಳುತ್ತದೆ. ಮನೆಯವರು ನೋಡಿ, ಹೆದರಿ, ಹೊರಗೆ ಓಡಲು ಅದು ಸಮಯ ಕೊಡುತ್ತದೆ. ಕಂಬಿ ಅತಿಯಾದ ತೊಲೆ ಹಾಗಲ್ಲ. ಕೆಳಗೆ ದೊಡ್ಡ ಬಿರುಕು ಕಾಣಿಸಿಕೊಳ್ಳುವ ಮೊದಲೇ ಮೇಲೆ ಸಿಡಿಯುತ್ತದೆ. ಆದ್ದರಿಂದ ಇಂಥ ತೊಲೆಯ ಶಕ್ತಿಯನ್ನು 188 ಮಿ.ಮೀ. ಆಳದ ಮಿತಿಗೇ ನಿಲ್ಲಿಸಬೇಕು. ಆಗ ಸಿಗುವುದು 103 ಕಿಲೋನ್ಯೂಟನ್ ಮೀಟರ್. ಉಳಿದ ಉಕ್ಕು ಲೆಕ್ಕಕ್ಕೇ ಬರುವುದಿಲ್ಲ.

ಅದೇ ಮೂರು ಕಂಬಿಯನ್ನು ಉಳಿಸಿಕೊಂಡು ತೊಲೆಯನ್ನು ಮೂರು ಇಂಚು ಎತ್ತರಿಸಿ ನೋಡಿ. ಆಳ 485 ಮಿ.ಮೀ. ಆಯಿತು, ಎರಡು ಕೈಗಳ ಅಂತರ 418.5 ಆಯಿತು. ಶಕ್ತಿ 110 ಕಿಲೋನ್ಯೂಟನ್ ಮೀಟರಿಗೆ ಬಂತು, ಮುನ್ಸೂಚನೆ ಕೊಡುವ ಗುಣವೂ ಉಳಿಯಿತು. ಇದಕ್ಕೆ ಬೇಕಾದ ಹೆಚ್ಚುವರಿ ಕಾಂಕ್ರೀಟು ಮೀಟರಿಗೆ 17 ಲೀಟರ್, ಸರಿಸುಮಾರು ಒಂದು ಬಕೆಟ್.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ನಕ್ಷೆಯಲ್ಲಿ ಸರಿಯಾಗಿಯೇ ಇದ್ದ ಮೂರು ಕಂಬಿಯ ತೊಲೆಯೂ ಕಟ್ಟುವ ಜಾಗದಲ್ಲಿ ಕೆಡಬಹುದು. ಕಲಸಿದ ಕಾಂಕ್ರೀಟು ಗಟ್ಟಿಯಾಯಿತು, ಸರಾಗವಾಗಿ ಇಳಿಯುತ್ತಿಲ್ಲ ಎಂದು ಯಾರೋ ಎರಡು ಕೊಡ ನೀರು ಸುರಿಯುತ್ತಾರೆ. ಎಂ20 ಆಗಬೇಕಿದ್ದದ್ದು 15ಕ್ಕೆ ಇಳಿಯಿತು ಎಂದುಕೊಳ್ಳಿ. ಈಗ ಮೂರೇ ಕಂಬಿಯನ್ನು ಸರಿತೂಗಿಸಲೂ 211 ಮಿ.ಮೀ. ಬೇಕು, ಥೇಟ್ ನಾಲ್ಕನೇ ಕಂಬಿ ಹಾಕಿದಾಗಿನ ಸ್ಥಿತಿ. ಅದರ ಮೇಲೆ ಶಕ್ತಿಯೂ 77ಕ್ಕೆ ಕುಸಿಯುತ್ತದೆ. ಕಂಬಿ ಎಣಿಸಿದವರಿಗೆ ಇದು ಕಾಣುವುದಿಲ್ಲ. 150 ಮಿ.ಮೀ.ಯ ಕ್ಯೂಬು ಹಾಕಿಸಿ 28ನೇ ದಿನ ಒಡೆಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಕವರ್ ಬ್ಲಾಕಿನ ಬದಲು ಕೈಗೆ ಸಿಕ್ಕಿದ ದಪ್ಪ ಜಲ್ಲಿಕಲ್ಲು ಇಟ್ಟು ಕಂಬಿ 40 ಮಿ.ಮೀ. ಮೇಲೆ ಕೂತರೂ ನಷ್ಟವೇ. ಶಕ್ತಿ 90ರಿಂದ 80ಕ್ಕೆ ಇಳಿಯುತ್ತದೆ.

ಆದ್ದರಿಂದ ಮನೆ ಕಟ್ಟಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ. ತೊಲೆ ಇನ್ನೂ ಗಟ್ಟಿಯಾಗಲಿ ಅನ್ನಿಸಿದರೆ, ನಕ್ಷೆಯ ಹಂತದಲ್ಲೇ ಎಂಜಿನಿಯರರ ಬಳಿ ಎತ್ತರ ಹೆಚ್ಚಿಸಲಾಗುವುದೇ ಎಂದು ಕೇಳಿ. ಕಾಂಕ್ರೀಟು ಹಾಕುವ ದಿನ ಕಂಬಿ ಎಣಿಸುವುದನ್ನು ಬಿಟ್ಟು ನೀರಿನ ಕೊಡದ ಪಕ್ಕ ನಿಂತುಕೊಳ್ಳಿ.