ಬಂಪರ್ ಕಂಪನಿಯದೋ, ಹೊರಗಿನದೋ?

ವಾಹನ ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಒಂದು ಕಾರಿನ ಕಂಪನಿ ಬಂಪರ್‌ಗೆ 8,000 ರೂಪಾಯಿ ಎಂದುಕೊಂಡರೆ ಮಾಲೀಕರ ಪಾಲು 4,000. ಗ್ಯಾರೇಜಿನವರು 3,000 ರೂಪಾಯಿಯ ಹೊರಗಿನ ಬಂಪರ್ ಹಾಕಿ ಕಂಪನಿಯದೆಂದು ಬಿಲ್ ಬರೆದರೆ, ಮಾಲೀಕರು ಆ ಬಂಪರಿನ ಪೂರ್ತಿ ಬೆಲೆಗಿಂತ ಹೆಚ್ಚು ತೆತ್ತಂತಾಯಿತು!

ಹೊರಗಿನದೆಲ್ಲ ಕಳಪೆಯೇನಲ್ಲ. ಆದರೆ ಹೆಡ್‌ಲೈಟ್ ಪಕ್ಕದ ಸಂದು ಎರಡೂ ಬದಿ ಒಂದೇ ಅಳತೆಯಲ್ಲಿಲ್ಲದಿದ್ದರೆ, ಕ್ಲಿಪ್ ಕೂರದೆ ಸ್ಕ್ರೂ ಹೊಡೆದಿದ್ದರೆ ಅನುಮಾನಿಸಬೇಕು.

ವಾದಕ್ಕೆ ಬಲ ಬರುವುದು ಕೆಲಸ ಶುರುವಾಗುವ ಮೊದಲೇ. ಎಸ್ಟಿಮೇಟಿನಲ್ಲಿ ಪ್ರತಿ ಭಾಗದ ಪಾರ್ಟ್ ನಂಬರ್ ಬರೆಸಿ, ಸರ್ವೇಯರ್‌ಗೆ ಇಮೇಲ್ ಮಾಡಬೇಕು. ಡಬ್ಬಿಯ ಲೇಬಲ್, ಬಿಲ್ಲು ತಾಳೆಯಾಗದಿದ್ದರೆ ಮರುಪರಿಶೀಲನೆ ಕೇಳಬಹುದು. ವಿಮಾ ಕಂಪನಿಗೆ ಕೊಟ್ಟ ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಕರ್ನಾಟಕದವರು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.